ಇಳಕಲ್ ಸೀರೆಯ ಕೆಂಪು ಕಾಗದಕ್ಕೆ ಬರುವಾಗ ಯಾಕೆ ಬದಲಾಗುತ್ತದೆ?

ಇಳಕಲ್ಲಿನ ಸೀರೆ ವ್ಯಾಪಾರಿಗಳು ಕ್ಯಾಟಲಾಗ್ ಮಾಡಿಸಿದಾಗ ಪ್ರೆಸ್ಸಿನ ಕಟ್ಟೆಯ ಮೇಲೆ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ. "ಮೊಬೈಲ್‌ನ್ಯಾಗ ದಾಳಿಂಬರಿ ಕೆಂಪು ಎಷ್ಟು ಛಂದ ಕಾಣತೈತಿ, ಕಾಗದದ ಮ್ಯಾಲ ಯಾಕ ಇಟ್ಟಂಗಿ ಆಗೇತ್ರೀ?" ಪ್ರೆಸ್ಸಿನವರು ಫೈಲಿನ ಕಡೆ ಬೆರಳು ತೋರಿಸುತ್ತಾರೆ. ಫೈಲ್ ಮಾಡಿದವರು, ಮಷೀನಿನಲ್ಲಿ ಇಂಕ್ ಕಡಿಮೆ ಬಿಟ್ಟಿದ್ದಾರೆ ಅನ್ನುತ್ತಾರೆ. ಎರಡರಲ್ಲೂ ಒಂದಿಷ್ಟು ನಿಜವಿರುತ್ತದೆ. ಆದರೆ ಮೂವರೂ ಪಕ್ಕದಲ್ಲೇ ಇರುವ ಸೀರೆಯನ್ನು ಬಿಡಿಸಿ ನೋಡುವುದಿಲ್ಲ. ಮುದ್ರಣ ಹೋಲಬೇಕಾದದ್ದು ಆ ಬಟ್ಟೆಯನ್ನು, ಮೊಬೈಲನ್ನಲ್ಲ.

ಇದು ಈಗ ಹೆಚ್ಚು ತೊಡಕಾಗಿರುವುದಕ್ಕೆ ಕಾರಣ ಮೊಬೈಲ್ ಪರದೆಗಳೇ. ಹತ್ತು ವರ್ಷದ ಹಿಂದಿನ ಫೋನಿಗಿಂತ ಇಂದಿನ ಒಎಲ್‌ಇಡಿ ಪರದೆ ಹೆಚ್ಚು ಗಾಢವಾದ ಕೆಂಪು, ಹಸಿರುಗಳನ್ನು ತೋರಿಸುತ್ತದೆ. ಅನೇಕ ಫೋನುಗಳಲ್ಲಿ "ವಿವಿಡ್" ಎಂಬ ಬಗೆ ಮೊದಲೇ ಆನ್ ಆಗಿರುತ್ತದೆ. ಹಾಗಾಗಿ ವ್ಯಾಪಾರಿಯ ಕಣ್ಣಲ್ಲಿ ಕೂತಿರುವ ಕೆಂಪು ಸೀರೆಯ ಕೆಂಪಿಗಿಂತಲೂ ಹೆಚ್ಚು ಉಜ್ಜಿದ ಕೆಂಪು. ಕಾಗದ ಅದನ್ನು ಎಂದೂ ಮುಟ್ಟುವುದಿಲ್ಲ. ಸೀರೆಯ ಕೆಂಪನ್ನಾದರೆ, ಬಹಳಷ್ಟು ಸಲ, ಹತ್ತಿರ ಹತ್ತಿರ ಮುಟ್ಟಬಹುದು.

ಕಾಗದದ ಮಿತಿ ಎಲ್ಲಿದೆ

ಪರದೆ ತಾನೇ ಬೆಳಕು ಬಿಡುತ್ತದೆ. ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಕೂಡಿಸಿ ಬಣ್ಣ ಮಾಡುತ್ತದೆ. ಕೂಡಿಸಿದಷ್ಟೂ ಬೆಳಕು ಹೆಚ್ಚುತ್ತದೆ. ಕಾಗದಕ್ಕೆ ತನ್ನದೇ ಬೆಳಕಿಲ್ಲ. ಕೋಣೆಯ ಬೆಳಕು ಇಂಕಿನ ಪದರ ದಾಟಿ ಕಾಗದಕ್ಕೆ ಬಡಿದು ಹಿಂದಿರುಗುವಾಗ ಒಂದಿಷ್ಟು ಕಳೆದುಹೋಗುತ್ತದೆ, ಉಳಿದದ್ದು ಕಣ್ಣಿಗೆ ಬೀಳುತ್ತದೆ. ಕೆಂಪು ಬೇಕೆಂದರೆ ಮೆಜೆಂಟಾ ಮತ್ತು ಹಳದಿ ಎರಡನ್ನೂ ತುಂಬ ಬಿಡಬೇಕು. ಎರಡು ಪದರದ ಇಂಕ್ ಎಂದರೆ ಎರಡು ಸಲ ಬೆಳಕಿಗೆ ಕತ್ತರಿ. ಇಂಕ್‌ಗಳು ಶುದ್ಧವೂ ಅಲ್ಲ. ಮೆಜೆಂಟಾ ಹಸಿರು ಬೆಳಕನ್ನಷ್ಟೇ ತಡೆಯಬೇಕಾದದ್ದು, ನೀಲಿಯನ್ನೂ ಸ್ವಲ್ಪ ತಿನ್ನುತ್ತದೆ.

ಎಷ್ಟು ದೂರ ಉಳಿಯುತ್ತದೆ ಎಂಬುದನ್ನು ಅಂಕಿಯಲ್ಲೇ ನೋಡಬಹುದು. ಯಂತ್ರದ ಹಂಗಿಲ್ಲದೆ ಬಣ್ಣ ಅಳೆಯುವ ಲ್ಯಾಬ್ ಎಂಬ ಪದ್ಧತಿ ಇದೆ. ಅದರಲ್ಲಿ ಎಲ್ ಅಂದರೆ ಎಷ್ಟು ಬೆಳಗಿದೆ ಎಂಬುದು, ಸೊನ್ನೆಯಿಂದ ನೂರರವರೆಗೆ. ಎ ಹೆಚ್ಚಿದಷ್ಟೂ ಕೆಂಪಿನ ಕಡೆ, ಬಿ ಹೆಚ್ಚಿದಷ್ಟೂ ಹಳದಿಯ ಕಡೆ. ಬಿ ಸೊನ್ನೆಗಿಂತ ಕೆಳಗಿಳಿದರೆ ನೀಲಿ. ಸಾಮಾನ್ಯ ಪರದೆಯ ಎಸ್‌ಆರ್‌ಜಿಬಿ ಅಳತೆಯಲ್ಲಿ ಅತಿ ಕೆಂಪಾದ ಕೆಂಪು ಸುಮಾರು ಎಲ್ 54, ಎ 81, ಬಿ 70. ಒಳ್ಳೆಯ ಆರ್ಟ್ ಪೇಪರಿನ ಮೇಲೆ ಯುರೋಪಿನ ಆಫ್‌ಸೆಟ್ ಮಾನದಂಡದ ಪ್ರಕಾರ ಮೆಜೆಂಟಾ, ಹಳದಿ ಎರಡನ್ನೂ ನೂರಕ್ಕೆ ನೂರು ಬಿಟ್ಟಾಗ ಬರುವ ಕೆಂಪು ಸುಮಾರು ಎಲ್ 47, ಎ 68, ಬಿ 48. ಈ ಎರಡರ ನಡುವಿನ ಅಂತರ 26ರ ಆಸುಪಾಸು. ಪಕ್ಕಪಕ್ಕ ಇಟ್ಟು ನೋಡಿದಾಗ ಎರಡು ಮೂರರ ಅಂತರವೇ ಕಣ್ಣಿಗೆ ಗೊತ್ತಾಗುತ್ತದೆ. ಮಷೀನ್‌ಮನ್ ಎಷ್ಟೇ ಇಂಕ್ ತಿರುವಿದರೂ ಈ ಅಂತರ ಮುಚ್ಚುವುದಿಲ್ಲ. ಇಂಕ್ ಹೆಚ್ಚಾದರೆ ಕೆಂಪು ಇನ್ನಷ್ಟು ಕಪ್ಪಾಗುತ್ತದೆ, ಹಿಂಬದಿಯ ಹಾಳೆಗೆ ಹತ್ತಿಕೊಳ್ಳುತ್ತದೆ.

ಪ್ರೊಫೈಲ್ ಮಾಡುವ ಕೆಲಸ

ಒಂದು ಫೈಲಿನಲ್ಲಿ ಕೆಂಪು 190, ಹಸಿರು 20, ನೀಲಿ 40 ಎಂದಿದೆ ಅಂದುಕೊಳ್ಳಿ. ಈ ಮೂರು ಅಂಕಿಗಳಿಂದ ಯಾವ ಬಣ್ಣ ಎಂದು ಹೇಳಲಾಗದು. ಯಾವ ಯಂತ್ರದ 190 ಎಂದು ತಿಳಿಯಬೇಕು. ಅದನ್ನು ಹೇಳುವ ಚೀಟಿಯೇ ಐಸಿಸಿ ಪ್ರೊಫೈಲ್. ಇಂಥ ಪ್ರೊಫೈಲ್‌ಗಳಿಗೆ ಎಲ್ಲರೂ ಒಪ್ಪುವ ಒಂದೇ ರೂಪ ಇರಲಿ ಎಂದು 1993ರಲ್ಲಿ ಸಾಫ್ಟ್‌ವೇರ್ ಹಾಗೂ ಯಂತ್ರ ತಯಾರಕರು ಸೇರಿ ಐಸಿಸಿ ಎಂಬ ಒಕ್ಕೂಟ ಕಟ್ಟಿದರು. ಪ್ರೊಫೈಲ್ ಪ್ರತಿ ಅಂಕಿಗೂ ಲ್ಯಾಬ್‌ನಂಥ ತಟಸ್ಥ ಅಳತೆಯಲ್ಲಿ ಯಾವ ಬಣ್ಣ ಎಂದು ತೋರಿಸುತ್ತದೆ. ಪರದೆಯ ಪ್ರೊಫೈಲ್‌ನಿಂದ ತಟಸ್ಥ ಅಳತೆಗೆ, ಅಲ್ಲಿಂದ ಮುದ್ರಣದ ಪ್ರೊಫೈಲ್‌ಗೆ ಎರಡು ಹೆಜ್ಜೆಯಲ್ಲಿ ಬಣ್ಣ ದಾಟುತ್ತದೆ. ಇಷ್ಟೇ ಬಣ್ಣ ನಿರ್ವಹಣೆ.

ಮೇಲಿನ ಅಂಕಿಯನ್ನು ಆರ್ಟ್ ಪೇಪರಿಗೆ ಬದಲಿಸಿದರೆ ಸಿಯಾನ್ ಸುಮಾರು 17, ಮೆಜೆಂಟಾ 100, ಹಳದಿ 87, ಕಪ್ಪು 7ರ ಆಸುಪಾಸು ಬರುತ್ತದೆ. ಈ ನಾಲ್ಕು ಇಂಕ್‌ಗಳ ಅಳತೆಗೇ ಸಿಎಂವೈಕೆ ಎನ್ನುವುದು. ಇದೇ ನಾಲ್ಕು ಅಂಕಿಗಳನ್ನು ಲೇಪವಿಲ್ಲದ ಮ್ಯಾಪ್‌ಲಿಥೋ ಕಾಗದಕ್ಕೆ ಒಯ್ದರೆ ಅದು ಇಂಕನ್ನು ಒಳಗೆ ಹೀರಿಕೊಂಡು ಮಂಕಾಗುತ್ತದೆ, ಮುದ್ರಣದ ಚುಕ್ಕಿಗಳು ಇನ್ನೂ ದಪ್ಪಗಾಗುತ್ತವೆ. ಹಾಗಾಗಿ "ಸಿಎಂವೈಕೆಗೆ ಬದಲಿಸಿ ಕಳಿಸಿ" ಎಂಬ ಮಾತು ಅರ್ಧವಷ್ಟೇ. ಯಾವ ಕಾಗದದ, ಯಾವ ಮುದ್ರಣದ ಸಿಎಂವೈಕೆ ಎಂಬುದು ಇನ್ನರ್ಧ.

ನಮ್ಮ ಕಡೆಯ ಡಿ.ಟಿ.ಪಿ. ಕಂಪ್ಯೂಟರುಗಳಲ್ಲಿ ಹೆಚ್ಚಾಗಿ ಕಾಣುವ ದೋಷ ಇಲ್ಲೇ ಇದೆ. ಫೋಟೋಶಾಪ್‌ನ ಕಲರ್ ಸೆಟ್ಟಿಂಗ್ಸ್ ಯಾರೂ ಮುಟ್ಟದಿದ್ದರೆ ಬಹಳ ಕಡೆ ಸಿಎಂವೈಕೆ ಜಾಗದಲ್ಲಿ `U.S. Web Coated (SWOP) v2` ಕೂತಿರುತ್ತದೆ. ಅದು ಅಮೆರಿಕದ ನಿಯತಕಾಲಿಕಗಳ ರೀಲ್ ಮಷೀನಿಗೆಂದು ಮಾಡಿದ್ದು. ಬಾಗಲಕೋಟೆ, ಹುಬ್ಬಳ್ಳಿ ಅಥವಾ ಶಿವಕಾಶಿಯ ಶೀಟ್ ಮಷೀನಿನಲ್ಲಿ 130 ಜಿಎಸ್‌ಎಂ ಆರ್ಟ್ ಪೇಪರಿನ ಮೇಲೆ ಅಚ್ಚಾಗುವ ಕೆಲಸಕ್ಕೆ `Coated FOGRA39` ಹತ್ತಿರದ್ದು. ಅದೂ ಫೋಟೋಶಾಪ್‌ನ ಜೊತೆಯೇ ಬರುತ್ತದೆ. ಹೊಸ ಕಾಗದಗಳಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರುವುದನ್ನು ಲೆಕ್ಕಕ್ಕೆ ಹಿಡಿದು ಮಾಡಿದ `PSO Coated v3` ಎಂಬುದೂ ಉಚಿತವಾಗಿ ಸಿಗುತ್ತದೆ. ಪ್ರೆಸ್ಸಿನವರು ಯಾವುದಕ್ಕೆ ಮಷೀನ್ ಹೊಂದಿಸಿದ್ದಾರೋ ಅದನ್ನೇ ಹಿಡಿಯಬೇಕು. ಅವರು "ಯಾವುದಾದರೂ ನಡೀತೈತ್ರೀ" ಅಂದರೆ ಯಾವುದಕ್ಕೂ ಹೊಂದಿಸಿಲ್ಲ ಎಂದು ತಿಳಿದುಕೊಂಡು FOGRA39 ಹಿಡಿದು, ಅಚ್ಚಿಗೆ ಮುಂಚಿನ ಮಾದರಿ ಹಾಳೆಯಾದ ಪ್ರೂಫ್ ಮೇಲೆ ಹೆಚ್ಚು ಕಣ್ಣಿಡುವುದು ಮೇಲು.

ಇನ್ನೊಂದು ಗೊಂದಲ `Assign Profile` ಮತ್ತು `Convert to Profile` ಎಂಬ ಎರಡು ಆಯ್ಕೆಗಳದ್ದು. ಮೊದಲನೆಯದು ಅಂಕಿ ಮುಟ್ಟದೆ ಚೀಟಿಯನ್ನಷ್ಟೇ ಬದಲಿಸುತ್ತದೆ, ಹಾಗಾಗಿ ಬಣ್ಣ ಕಣ್ಣೆದುರೇ ಜಿಗಿಯುತ್ತದೆ. ಎರಡನೆಯದು ಬಣ್ಣ ಆದಷ್ಟು ಹಾಗೇ ಉಳಿಯುವಂತೆ ಅಂಕಿಗಳನ್ನು ಬದಲಿಸುತ್ತದೆ. ಮುದ್ರಣಕ್ಕೆ ಸಿದ್ಧಪಡಿಸುವಾಗ ಬೇಕಾದದ್ದು ಎರಡನೆಯದೇ. ಮೊದಲನೆಯದು ಬೇಕಾಗುವುದು ಚೀಟಿ ಕಳೆದುಕೊಂಡು ಬಂದ ಫೈಲಿಗೆ ಮಾತ್ರ. ಈಗಿನ ಅನೇಕ ಫೋನುಗಳು ಡಿಸ್‌ಪ್ಲೇ ಪಿ3 ಎಂಬ ಅಗಲವಾದ ಬಣ್ಣದ ಹರವಿನಲ್ಲಿ ಫೋಟೋ ತೆಗೆಯುತ್ತವೆ. ಕಳಿಸುವ ದಾರಿಯಲ್ಲಿ ಆ ಚೀಟಿ ಹೋದರೆ ಫೈಲನ್ನು ಎಸ್‌ಆರ್‌ಜಿಬಿ ಎಂದು ಓದಿ ಕೆಂಪು ಮಂಕಾಗಿ ತೆರೆದುಕೊಳ್ಳುತ್ತದೆ. ಫೋಟೋಶಾಪ್‌ನಲ್ಲಿ ಅಂಥ ಫೈಲು `Untagged RGB` ಎಂದು ಕಾಣಿಸುತ್ತದೆ. ವಾಟ್ಸ್ಯಾಪ್‌ನಲ್ಲಿ ಕಳಿಸಲೇಬೇಕೆಂದಿದ್ದರೆ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಬೇಕು. ಆಗ ಫೈಲ್ ಇದ್ದಂತೆಯೇ ಹೋಗುತ್ತದೆ.

ಒಂದು ಸೀರೆ, ಕ್ಯಾಮೆರಾದಿಂದ ಪ್ಲೇಟಿನವರೆಗೆ

ಟೋಪ ತೆನಿ ಸೆರಗಿನ ಒಂದು ದಾಳಿಂಬೆ ಕೆಂಪು ಸೀರೆ ಕ್ಯಾಟಲಾಗಿನ ಮುಖಪುಟಕ್ಕೆ ಬರಬೇಕು ಅಂದುಕೊಳ್ಳೋಣ. ಕೆಲಸ ಕೆಡಲು ಶುರುವಾಗುವುದು ಅಂಗಡಿಯ ಬಲ್ಬಿನಲ್ಲೇ. ಸಾಮಾನ್ಯ ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ 80 ಎಂದಿರುತ್ತದೆ. ಬೆಳಕು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂದು ಹೇಳುವ ಆ ಅಂಕಿ ಎಂಟು ತಿಳಿಬಣ್ಣಗಳ ಸರಾಸರಿ. ಗಾಢ ಕೆಂಪನ್ನು ಅಳೆಯುವ ಆರ್9 ಆ ಎಂಟರಲ್ಲಿ ಸೇರಿಲ್ಲ. ಅಗ್ಗದ ಬಲ್ಬಿನಲ್ಲಿ ಆರ್9 ಸೊನ್ನೆಯ ಹತ್ತಿರವೇ ಇರುತ್ತದೆ. ಬೆಳಕಿನಲ್ಲೇ ಕೆಂಪು ಇಲ್ಲದಿದ್ದರೆ ಸೀರೆ ಯಾವ ಕೆಂಪನ್ನು ಹಿಂದಿರುಗಿಸೀತು? ಆಮೇಲೆ ಫೋಟೋಶಾಪ್‌ನಲ್ಲಿ ಸ್ಯಾಚುರೇಶನ್ ಎಳೆದರೆ ಸೆರಗಿನ ಬಿಳಿಗೂ ಗುಲಾಬಿ ಛಾಯೆ ಹತ್ತುತ್ತದೆ. ಬೆಳಗಿನ ಹೊತ್ತು ನೆರಳಿನ ಕಡೆಯ ಕಿಟಕಿಯ ಬೆಳಕಿನಲ್ಲಿ, ಅಥವಾ ಸಿಆರ್‌ಐ 95ರ ಮೇಲಿದ್ದು ಆರ್9 ಅಂಕಿಯನ್ನೂ ಡಬ್ಬಿಯ ಮೇಲೆ ಬರೆದಿರುವ ದೀಪದಲ್ಲಿ ತೆಗೆಯಬೇಕು. ಎರಡು ಬೆಳಕು ಬೆರೆಸಬಾರದು. ಮೊದಲ ಚೌಕಟ್ಟಿನಲ್ಲಿ ಒಂದು ಗ್ರೇ ಕಾರ್ಡ್ ಇಟ್ಟು ತೆಗೆದರೆ ವೈಟ್ ಬ್ಯಾಲೆನ್ಸ್‌ಗೆ ಊಹೆ ಬೇಕಾಗುವುದಿಲ್ಲ.

ಕ್ಯಾಮೆರಾದಲ್ಲಿ ಎರಡನೆಯ ತೊಂದರೆ. ಗಾಢ ಕೆಂಪು ಬಟ್ಟೆಯ ಮೇಲೆ ಕೆಂಪು ಚಾನೆಲ್ ಉಳಿದೆರಡಕ್ಕಿಂತ ಬೇಗ ತುಂಬಿ 255ಕ್ಕೆ ತಾಗುತ್ತದೆ. ತಾಗಿದ ಮೇಲೆ ನೂಲು, ನೇಯ್ಗೆ, ಮಡಿಕೆ ಎಲ್ಲ ಸಪಾಟಾಗಿ ಪ್ಲಾಸ್ಟಿಕ್ ಹಾಳೆಯಂತೆ ಕಾಣುತ್ತದೆ. ಕ್ಯಾಮೆರಾದ ಸಾಮಾನ್ಯ ಹಿಸ್ಟೊಗ್ರಾಮ್ ಮೂರೂ ಬಣ್ಣವನ್ನು ಕೂಡಿಸಿ ತೋರಿಸುವುದರಿಂದ ಎಲ್ಲ ಸರಿಯಿದೆ ಎಂದೇ ಅನಿಸುತ್ತದೆ. ಮೂರು ಬಣ್ಣದ ಹಿಸ್ಟೊಗ್ರಾಮ್ ತೆರೆದು ಕೆಂಪಿನ ರೇಖೆ ಬಲಗೋಡೆಗೆ ಒತ್ತಿಕೊಂಡಿದೆಯೇ ನೋಡಬೇಕು. ಒತ್ತಿಕೊಂಡಿದ್ದರೆ ಎಕ್ಸ್‌ಪೋಶರನ್ನು ಮೂರನೇ ಎರಡರಷ್ಟು ಸ್ಟಾಪ್ ಇಳಿಸಿ ಮತ್ತೆ ತೆಗೆಯಬೇಕು. ರಾ ಫೈಲ್‌ನಲ್ಲಿ ತೆಗೆದು, ಅಡೋಬಿ ಆರ್‌ಜಿಬಿ ಹರವಿನಲ್ಲಿ, 16 ಬಿಟ್‌ನಲ್ಲಿ ತೆರೆದರೆ ಮುಂದೆ ತಿದ್ದಲು ಜಾಗ ಉಳಿಯುತ್ತದೆ.

ಈಗ ಫೋಟೋಶಾಪ್. ಬಣ್ಣ ತಿದ್ದುವ ಮೊದಲೇ `View > Proof Setup > Custom` ತೆರೆದು ಮುದ್ರಣದ ಪ್ರೊಫೈಲ್ ಆರಿಸಿ, `Black Point Compensation` ಮತ್ತು `Simulate Paper Color` ಎರಡಕ್ಕೂ ಗುರುತು ಹಾಕಬೇಕು. ಇದೇ ಸಾಫ್ಟ್ ಪ್ರೂಫ್. ಫೈಲ್ ಆರ್‌ಜಿಬಿಯಲ್ಲೇ ಇರುತ್ತದೆ, ಪರದೆ ಮಾತ್ರ ಕಾಗದದಂತೆ ನಟಿಸುತ್ತದೆ. ಒತ್ತಿದ ಕೂಡಲೇ ಚಿತ್ರ ಕಳೆಗುಂದಿ ಬಿಳಿ ಮಾಸಿದಂತೆ ಕಾಣುತ್ತದೆ. ಹಲವರು ಗಾಬರಿಯಾಗಿ ತೆಗೆದುಹಾಕುವುದು ಈ ಗಳಿಗೆಯಲ್ಲೇ. ಪರದೆಯ ಮೇಲಿನ ಉಳಿದ ಬಿಳಿ ಮೆನುಗಳನ್ನು `F` ಎರಡು ಸಲ ಒತ್ತಿ ಮರೆಮಾಡಿ ಒಂದು ನಿಮಿಷ ಸುಮ್ಮನೆ ನೋಡಿದರೆ ಕಣ್ಣು ಹೊಂದಿಕೊಳ್ಳುತ್ತದೆ. ಗ್ರಾಹಕರಿಗೆ ತೋರಿಸಬೇಕಾದ ಚಿತ್ರ ಇದೇ, ಅದೂ ಸೀರೆಯನ್ನು ಪಕ್ಕಕ್ಕಿಟ್ಟು.

`View > Gamut Warning` ಒತ್ತಿದರೆ ಕಾಗದದ ಹರವಿಗೆ ಹೊರಗಿರುವ ಜಾಗವೆಲ್ಲ ಬೂದಾಗುತ್ತದೆ. ಕೆಂಪು ಸೀರೆಯ ಅರ್ಧಕ್ಕಿಂತ ಹೆಚ್ಚು ಬೂದಾದರೂ ಹೆದರಬೇಕಿಲ್ಲ. ಕೂದಲೆಳೆಯಷ್ಟು ಹೊರಗಿರುವ ಬಣ್ಣಕ್ಕೂ ಮಾರುದೂರ ಹೊರಗಿರುವ ಬಣ್ಣಕ್ಕೂ ಅದು ಒಂದೇ ಬೂದು ಬಳಿಯುತ್ತದೆ. ಬೂದು ಮಾಯವಾಗಲಿ ಎಂದು ಸ್ಯಾಚುರೇಶನ್ ಇಳಿಸುತ್ತ ಕೂತರೆ ಒಳಗಿದ್ದ ಒಳ್ಳೆಯ ಬಣ್ಣವೂ ಸಾಯುತ್ತದೆ.

ಬದಲಾಯಿಸುವ ಹೊತ್ತಿಗೆ ಹರವಿನ ಹೊರಗಿನ ಬಣ್ಣಗಳನ್ನು ಒಳಗೆ ತರುವ ರೀತಿಯನ್ನು, ಅಂದರೆ ಇಂಟೆಂಟ್ ಆರಿಸಬೇಕು. `Relative Colorimetric` ಕಾಗದ ತೋರಿಸಬಲ್ಲ ಬಣ್ಣಗಳನ್ನು ಹಾಗೇ ಬಿಟ್ಟು, ಹೊರಗಿದ್ದವನ್ನೆಲ್ಲ ಅಂಚಿಗೆ ತಂದು ನಿಲ್ಲಿಸುತ್ತದೆ. ಮುಖ, ಗೋಡೆ, ಮರದ ಮಗ್ಗ ಇರುವ ಚಿತ್ರಕ್ಕೆ ಇದೇ ಸರಿ. ಆದರೆ ಇಡೀ ಸೀರೆ ಹರವಿನ ಹೊರಗಿದ್ದಾಗ ಹತ್ತು ಬಗೆಯ ಕೆಂಪು ಒಂದೇ ಅಂಚಿಗೆ ಬಂದು ಗುಂಪಾಗಿ ನಿಲ್ಲುತ್ತವೆ, ನೇಯ್ಗೆ ಅಳಿಸಿಹೋಗುತ್ತದೆ. `Perceptual` ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಒಳಕ್ಕೆ ಸರಿಸಿ ಅವುಗಳ ನಡುವಿನ ಅಂತರ ಉಳಿಸಲು ನೋಡುತ್ತದೆ. ಒಟ್ಟಾರೆ ಸ್ವಲ್ಪ ತಣ್ಣಗಾದರೂ ನೂಲು ಉಳಿಯುತ್ತದೆ. ಸೀರೆ ಚಿತ್ರಕ್ಕೆ ಎರಡನ್ನೂ ಒತ್ತಿ ನೋಡಿ, 100 ಪ್ರತಿಶತ ಹಿಗ್ಗಿಸಿ ಮಡಿಕೆಯ ಒಳಭಾಗದಲ್ಲಿ ಎಳೆ ಎಲ್ಲಿ ಉಳಿದಿದೆಯೋ ಅದನ್ನು ಆರಿಸುವುದು ಸರಿ.

ಕೆಂಪು ಸೀರೆಯ ಗುಟ್ಟು ಇರುವುದು ಸಿಯಾನ್ ಪ್ಲೇಟಿನಲ್ಲಿ. ಬದಲಾಯಿಸಿದ ಫೈಲಿನ ಚಾನೆಲ್‌ಗಳನ್ನು ಒಂದೊಂದಾಗಿ ತೆರೆದು ನೋಡಿ. ಮೆಜೆಂಟಾ ಹೆಚ್ಚುಕಡಿಮೆ ಪೂರ್ತಿ ಕಪ್ಪು, ಅದರಲ್ಲಿ ಆಕಾರವೇ ಇಲ್ಲ. ಹಳದಿಯೂ ಹಾಗೇ. ಹಳದಿಯಲ್ಲಿ ಆಕಾರವಿದ್ದರೂ ಕಣ್ಣಿಗೆ ಬೀಳುವುದು ಕಡಿಮೆ. ಮಡಿಕೆ, ನೂಲು, ಅಂಚಿನ ಗೆರೆ ಎಲ್ಲ ಕಾಣುವುದು 5ರಿಂದ 35 ಪ್ರತಿಶತದ ನಡುವೆ ಆಡುವ ಸಿಯಾನ್‌ನಲ್ಲಿ, ಜೊತೆಗೆ ಸ್ವಲ್ಪ ಕಪ್ಪಿನಲ್ಲಿ. "ಕೆಂಪು ಶುದ್ಧವಾಗಲಿ" ಎಂದು ಸಿಯಾನ್ ತೆಗೆದುಹಾಕುವ ರೂಢಿ ಕೆಲವರಲ್ಲಿದೆ. ಹಾಗೆ ಮಾಡಿದಾಗ ಬರುವುದು ಬಣ್ಣ ಬಳಿದ ರಟ್ಟು. ಮಾಡಬೇಕಾದದ್ದು ಇದಕ್ಕೆ ವಿರುದ್ಧ. ಸಿಯಾನ್ ಚಾನೆಲನ್ನಷ್ಟೇ ಆರಿಸಿ ಕರ್ವ್ಸ್‌ನಲ್ಲಿ ಬೆಳಗಿನ ತುದಿಯನ್ನು 3–5ಕ್ಕೆ ಇಳಿಸಿ, ಮಡಿಕೆಯ ನೆರಳನ್ನು ಇದ್ದಲ್ಲೇ ಹಿಡಿದು ನಡುವಿನ ಇಳಿಜಾರು ಹೆಚ್ಚಿಸಬೇಕು. ಅನ್‌ಶಾರ್ಪ್ ಮಾಸ್ಕ್ ಅನ್ನೂ ಆ ಚಾನೆಲಿಗಷ್ಟೇ, ರೇಡಿಯಸ್ 1ರ ಆಸುಪಾಸಿನಲ್ಲಿ ಕೊಡಬಹುದು. ಮೆಜೆಂಟಾ ಎಲ್ಲ ಕಡೆ 100 ಇದ್ದರೆ ಬೆಳಗಿನ ಮಡಿಕೆಗಳಲ್ಲಿ 94–96ಕ್ಕೆ ಇಳಿಸಿದರೆ ಅಲ್ಲೂ ಒಂದಿಷ್ಟು ಉಸಿರು ಬರುತ್ತದೆ. ಅಚ್ಚಾದ ಹಾಳೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಇದು ಅರ್ಥವಾಗುತ್ತದೆ. ಹೊಳೆಯುವ ಮಡಿಕೆಯಲ್ಲಿ ಮೆಜೆಂಟಾ ಹಳದಿ ಕೂಡಿದ ಕೆಂಪು ನೆಲದ ಮೇಲೆ ಸಾಸಿವೆಗಿಂತ ಸಣ್ಣ ಸಿಯಾನ್ ಚುಕ್ಕಿ ಅಲ್ಲೊಂದು ಇಲ್ಲೊಂದು. ಮಡಿಕೆಯ ಸಂದಿಗೆ ಹೋದಂತೆ ಆ ಚುಕ್ಕಿಗಳು ದಪ್ಪಗಾಗುತ್ತ ಹೋಗುತ್ತವೆ.

ನೆರಳಿನ ಜಾಗದಲ್ಲಿ ನಾಲ್ಕೂ ಇಂಕ್‌ಗಳ ಮೊತ್ತ ಎಷ್ಟಾಗಿದೆ ಎಂದು ಇನ್ಫೋ ಪ್ಯಾನೆಲ್ಲಿನಲ್ಲಿ `Total Ink` ಇಟ್ಟು ನೋಡಬೇಕು. FOGRA39ರ ಪ್ರೊಫೈಲ್ 330ರವರೆಗೆ ಬಿಡುತ್ತದೆ. ಸಣ್ಣ ಪ್ರೆಸ್ಸಿಗೆ 300ರ ಒಳಗಿದ್ದರೆ ಹಾಳೆ ಬೇಗ ಒಣಗುತ್ತದೆ. ದರಪಟ್ಟಿಯ ಕಪ್ಪು ಅಕ್ಷರಗಳು ಕಪ್ಪು ಪ್ಲೇಟಿನಲ್ಲಷ್ಟೇ ಇರಬೇಕು. ಆರ್‌ಜಿಬಿಯ ಕಪ್ಪು ಬದಲಾದಾಗ ನಾಲ್ಕು ಬಣ್ಣಕ್ಕೂ ಹಂಚಿಹೋಗುತ್ತದೆ, ಪ್ಲೇಟ್ ಕೂದಲಷ್ಟು ಸರಿದರೂ ಅಕ್ಷರದ ಸುತ್ತ ಬಣ್ಣದ ಅಂಚು ಏಳುತ್ತದೆ.

ನೀಲಿ ಸೀರೆಯ ತೊಂದರೆ ಬೇರೆ. ಅದು ಮಂಕಾಗುವುದಷ್ಟೇ ಅಲ್ಲ, ನೇರಳೆಗೆ ಹೊರಳುತ್ತದೆ. ಪರದೆಯ ಶುದ್ಧ ನೀಲಿಯ ಬಿ ಅಂಕಿ ಸೊನ್ನೆಗಿಂತ 112ರಷ್ಟು ಕೆಳಗೆ. ಸಿಯಾನ್, ಮೆಜೆಂಟಾ ಎರಡನ್ನೂ ತುಂಬ ಬಿಟ್ಟು ಮಾಡಿದ ನೀಲಿ ಇಳಿಯುವುದು 46ರಷ್ಟೇ. ಮೆಜೆಂಟಾ ಸಿಯಾನ್‌ನ ಸಮಕ್ಕೆ ಬಂದರೆ ಕಣ್ಣಿಗೆ ಅದು ಬದನೆಕಾಯಿ ಬಣ್ಣ. ಸಿಯಾನ್ 100 ಇರುವಲ್ಲಿ ಮೆಜೆಂಟಾ 70ರ ಒಳಗೆ, ಅಂದರೆ 30ರಷ್ಟು ಅಂತರ ಉಳಿಯುವಂತೆ `Selective Color`ನಲ್ಲಿ ನೀಲಿಯನ್ನು ಆರಿಸಿ ಇಳಿಸಬೇಕು. ಗುಳೇದಗುಡ್ಡದ ಖಣದಂಥ ಬಟ್ಟೆಯಲ್ಲಿ ಎರಡು ಬಣ್ಣದ ನೂಲಿನಿಂದ ಬರುವ ಮಿಂಚು ಮಾತ್ರ ಯಾವ ಪ್ರೊಫೈಲಿಗೂ ದಕ್ಕುವುದಿಲ್ಲ. ಬಟ್ಟೆ ಅಲ್ಲಾಡಿದಾಗ ಕಾಣುವುದನ್ನು ಅಲ್ಲಾಡದ ಕಾಗದದಲ್ಲಿ ಹುಡುಕಬಾರದು. ಮಡಿಚಿ ಒಂದು ಫೋಟೋ, ಬಿಡಿಸಿ ಒಂದು ಫೋಟೋ ಹಾಕುವುದೇ ಪ್ರಾಮಾಣಿಕ ದಾರಿ.

ಪರದೆಯನ್ನು ಹದಕ್ಕೆ ತರುವುದು

ಮೇಲಿನದೆಲ್ಲ ನಡೆಯುವುದು ಪರದೆ ನಂಬುವಂತಿದ್ದರೆ ಮಾತ್ರ. ಇಲ್ಲಿ ಎರಡು ಬೇರೆ ಕೆಲಸಗಳಿವೆ. ಕ್ಯಾಲಿಬ್ರೇಶನ್ ಎಂದರೆ ಪರದೆಯ ಬೆಳಕು, ಬಿಳಿ, ನಡುಛಾಯೆಗಳನ್ನು ಗೊತ್ತುಮಾಡಿದ ಒಂದು ಸ್ಥಿತಿಗೆ ತರುವುದು. ಪ್ರೊಫೈಲಿಂಗ್ ಎಂದರೆ ಆ ಸ್ಥಿತಿಯಲ್ಲಿ ಪರದೆ ಏನು ತೋರಿಸುತ್ತಿದೆ ಎಂದು ಅಳೆದು ದಾಖಲಿಸುವುದು. ಕಲರಿಮೀಟರ್ ಎಂಬ ಸಣ್ಣ ಉಪಕರಣ ಪರದೆಗೆ ಒರಗಿ ಕೂತು ಎರಡನ್ನೂ ಒಂದೇ ಬೈಠಕ್ಕಿನಲ್ಲಿ ಮುಗಿಸುತ್ತದೆ. ಅದರ ಜೊತೆ ಬರುವ ಸಾಫ್ಟ್‌ವೇರ್ ಬೇಡವೆಂದರೆ ಉಚಿತವಾದ ಆರ್ಗಿಲ್ ಸಿಎಂಎಸ್ ಇದೆ.

ಮೊದಲು ಪರದೆ ಅರ್ಧ ತಾಸು ಉರಿದು ಕಾಯಬೇಕು. ನೈಟ್ ಲೈಟ್, ಟ್ರೂ ಟೋನ್, ತಾನಾಗಿ ಏರಿಳಿಯುವ ಬ್ರೈಟ್‌ನೆಸ್ ಇವೆಲ್ಲ ಬಂದ್. ಪರದೆಯ ಮೇಲೆ ಕಿಟಕಿಯ ಬೆಳಕು ಬೀಳಬಾರದು. ಗುರಿಯಾಗಿ ಬಿಳಿ 6500 ಕೆಲ್ವಿನ್, ಗಾಮಾ 2.2, ಬೆಳಕು ಪ್ರತಿ ಚದರ ಮೀಟರಿಗೆ 100ರಿಂದ 120 ಕ್ಯಾಂಡೆಲಾ ಇಟ್ಟುಕೊಳ್ಳಬಹುದು. ಪರದೆಯ ಬಿಳಿ ಕಾಗದಕ್ಕಿಂತ ನೀಲಿ ಅನಿಸಿದರೆ 5800ರ ಕಡೆಗೆ ಇಳಿಸಬೇಕು. ಕೊನೆಗೆ ತಯಾರಾದ ಪ್ರೊಫೈಲ್ ವಿಂಡೋಸ್‌ನ `Color Management` ಕಿಟಕಿಯಲ್ಲಿ ಆ ಪರದೆಗೆ ಡೀಫಾಲ್ಟ್ ಆಗಿ ಕೂತಿದೆಯೇ ನೋಡಬೇಕು. ತಿಂಗಳಿಗೊಮ್ಮೆ ಮತ್ತೆ ಅಳೆದರೆ ಸಾಕು.

"ಮುದ್ರಣ ಕಪ್ಪಾಗಿ ಬಂತು" ಎಂಬ ದೂರಿನ ಬಹುಪಾಲು ಬಣ್ಣದ್ದಲ್ಲ, ಬ್ರೈಟ್‌ನೆಸ್‌ನದು. ಹೊಸ ಲ್ಯಾಪ್‌ಟಾಪ್ 250 ಕ್ಯಾಂಡೆಲಾಕ್ಕೂ ಹೆಚ್ಚು ಉರಿಯುತ್ತಿರುತ್ತದೆ. ಅದರಲ್ಲಿ ಚಿತ್ರ ತಿದ್ದಿದವರು ಕಣ್ಣಿಗೆ ಹಿತವಾಗಲೆಂದು ನೆರಳನ್ನು ಕಪ್ಪಾಗಿಸಿಯೇ ಇರುತ್ತಾರೆ. ಉಪಕರಣವಿಲ್ಲದವರು ಇಷ್ಟಾದರೂ ಮಾಡಬಹುದು: ಕೆಲಸದ ಆರ್ಟ್ ಪೇಪರಿನ ಖಾಲಿ ಹಾಳೆಯೊಂದನ್ನು ಒಳ್ಳೆಯ ಬೆಳಕಿನಲ್ಲಿ ಪರದೆಯ ಪಕ್ಕ ಹಿಡಿದು, ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆದು, ಎರಡೂ ಒಂದೇ ಬೆಳಗಿನಲ್ಲಿ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸುವುದು. ಛಾಯೆ ಸರಿಹೋಗದಿದ್ದರೂ ಕಪ್ಪಾಗುವ ದೂರು ಇಲ್ಲಿಗೇ ಕಡಿಮೆಯಾಗುತ್ತದೆ.

ಕ್ಯಾಲಿಬ್ರೇಶನ್‌ಗೂ ಮಿತಿಯಿದೆ. ಅಗ್ಗದ ಲ್ಯಾಪ್‌ಟಾಪ್ ಪರದೆ ಎಸ್‌ಆರ್‌ಜಿಬಿಯ ಪೂರ್ತಿ ಹರವನ್ನೂ ತೋರಿಸುವುದಿಲ್ಲ. ಇಲ್ಲದ ಕೆಂಪನ್ನು ಉಪಕರಣ ತಂದುಕೊಡದು. ತಲೆ ಸ್ವಲ್ಪ ಮೇಲೆತ್ತಿದರೆ ಬಣ್ಣ ಬದಲಾಗುವ ಟಿಎನ್ ಪರದೆಯಲ್ಲಿ ಈ ಕೆಲಸವೇ ವ್ಯರ್ಥ. ಐಪಿಎಸ್ ಪರದೆ ಬೇಕು.

ಪ್ರೂಫ್, ಮಷೀನು, ಒಣಗಿದ ಹಾಳೆ

ಪ್ಲೇಟಿಗೆ ಹೋಗುವ ಮೊದಲು ಒಂದು ಪ್ರೂಫ್ ಬೇಕು. ಪಕ್ಕದ ಅಂಗಡಿಯ ಡಿಜಿಟಲ್ ಮಷೀನಿನಲ್ಲಿ ತೆಗೆದ ಹಾಳೆ ಇಲ್ಲಿ ಕೆಲಸಕ್ಕೆ ಬಾರದು. ಅದರ ಟೋನರ್ ಬೇರೆ, ಹರವು ಬೇರೆ. ಕೆಂಪು ಹೆಚ್ಚಾಗಿ ಆಫ್‌ಸೆಟ್‌ಗಿಂತ ಜೋರಾಗಿಯೇ ಬರುತ್ತದೆ. ಅದನ್ನು ನೋಡಿ ಸಹಿ ಹಾಕಿದವರು ಮತ್ತೆ ಜಗಳಕ್ಕೆ ಬರುತ್ತಾರೆ. ಮುದ್ರಣದ ಪ್ರೊಫೈಲನ್ನು ನಟಿಸುವ ಇಂಕ್‌ಜೆಟ್ ಪ್ರೂಫ್, ಅಂಚಿನಲ್ಲಿ ಅಳತೆಯ ಪಟ್ಟಿ ಇರುವಂಥದ್ದು ಬೇಕು. ಕ್ಯಾಟಲಾಗಿನ ಎಲ್ಲ ಪುಟಕ್ಕೂ ಅದರ ಖರ್ಚು ಹೆಚ್ಚೆನಿಸಿದರೆ ಮುಖಪುಟ ಮತ್ತು ಕೆಂಪು, ನೀಲಿ ಹೆಚ್ಚಿರುವ ಎರಡು ಪುಟಕ್ಕೆ ತೆಗೆಸಬಹುದು.

ಮಷೀನಿನಲ್ಲಿ ಚುಕ್ಕಿ ಒತ್ತಡಕ್ಕೆ ಹಿಗ್ಗುತ್ತದೆ. ಫೈಲಿನಲ್ಲಿ 50 ಪ್ರತಿಶತವಿದ್ದದ್ದು ಆರ್ಟ್ ಪೇಪರಿನ ಮೇಲೆ 64ರ ಆಸುಪಾಸು ಆಗುತ್ತದೆ. ಪ್ರೊಫೈಲ್ ಈ ಹಿಗ್ಗುವಿಕೆಯನ್ನು ಮೊದಲೇ ಲೆಕ್ಕ ಹಿಡಿದಿರುತ್ತದೆ. ಆದರೆ ಪ್ಲೇಟಿನಿಂದ ಕಾಗದಕ್ಕೆ ಇಂಕ್ ದಾಟಿಸುವ ರಬ್ಬರ್ ಬ್ಲ್ಯಾಂಕೆಟ್ ಹಳತಾಗಿದ್ದರೆ, ಇಂಕ್ ತೆಳುವಾಗಿದ್ದರೆ ಹಿಗ್ಗುವುದು ಇನ್ನೂ ಹೆಚ್ಚು. ಆಗ ನಮ್ಮ ಸಿಯಾನ್ 17 ಇದ್ದದ್ದು 30ಕ್ಕೆ ಹೋಗಿ ದಾಳಿಂಬೆ ಕೆಂಪು ಮರೂನ್ ಆಗುತ್ತದೆ. ಇಂಕಿನ ಗಾಢತೆ ಅಳೆಯುವ ಡೆನ್ಸಿಟೊಮೀಟರ್ ಇಲ್ಲದ ಪ್ರೆಸ್ಸಿನಲ್ಲೂ ಇದನ್ನು ಹಿಡಿಯಬಹುದು. ಹಾಳೆಯ ಕತ್ತರಿಸುವ ಅಂಚಿನಲ್ಲಿ ಸಿಯಾನ್ 50, ಮೆಜೆಂಟಾ 40, ಹಳದಿ 40 ಇರುವ ಒಂದು ಚೌಕ, ಪಕ್ಕದಲ್ಲೇ ಕಪ್ಪು 50ರ ಇನ್ನೊಂದು ಚೌಕ ಹಾಕಿಡಬೇಕು. ಎರಡೂ ಹೆಚ್ಚುಕಡಿಮೆ ಒಂದೇ ಬೂದಾಗಿ ಕಾಣಬೇಕು. ಮೊದಲನೆಯದು ಗುಲಾಬಿ ತಿರುಗಿದರೆ ಮೆಜೆಂಟಾ ಹೆಚ್ಚು, ನೀಲಿ ತಿರುಗಿದರೆ ಸಿಯಾನ್ ಹೆಚ್ಚು ಅಥವಾ ಹಳದಿ ಕಡಿಮೆ. ಕೆಂಪು ಚಿತ್ರವನ್ನೇ ದಿಟ್ಟಿಸಿ ಇಂಕ್ ತಿರುವುವುದಕ್ಕಿಂತ ಈ ಬೂದು ಚೌಕ ಹೆಚ್ಚು ನಿಜ ಹೇಳುತ್ತದೆ.

ಸಣ್ಣ ಊರಿನ ಪ್ರೆಸ್ಸುಗಳಲ್ಲಿ ಎರಡು ಬಣ್ಣದ ಮಷೀನುಗಳಿರುತ್ತವೆ. ಹಾಳೆ ಎರಡು ಸಲ ಓಡಬೇಕು. ನಾಲ್ಕು ಬಣ್ಣದ ಮಷೀನಿನಲ್ಲಿ ಹಸಿ ಇಂಕಿನ ಮೇಲೆ ಹಸಿ ಇಂಕ್ ಕೂರುತ್ತದೆ. ಇಲ್ಲಿ ಎರಡನೆಯ ಜೋಡಿ ಒಣಗಿದ ಇಂಕಿನ ಮೇಲೆ ಕೂರುತ್ತದೆ. ಕೂರುವ ಪ್ರಮಾಣವೇ ಬೇರೆಯಾಗುವುದರಿಂದ ಸೀರೆಯ ಕೆಂಪೂ ಬೇರೆಯಾಗುತ್ತದೆ. ಮೆಜೆಂಟಾ, ಹಳದಿ ಎರಡೂ ಒಂದೇ ಓಟದಲ್ಲಿ ಬರುವಂತೆ ಕೇಳಿಕೊಂಡರೆ ಕೆಂಪು ಇಡೀ ಓಟಕ್ಕೆ ಒಂದೇ ಸಮ ನಿಲ್ಲುತ್ತದೆ. ಬಾಗಲಕೋಟೆಯ ಏಪ್ರಿಲ್, ಮೇ ತಿಂಗಳ ಒಣಗಾಳಿಯಲ್ಲಿ ಮೊದಲ ಓಟ ಮುಗಿಸಿ ತೆರೆದಿಟ್ಟ ಹಾಳೆ ತೇವ ಕಳೆದುಕೊಂಡು ಅಳತೆಯಲ್ಲೇ ಕುಗ್ಗುತ್ತದೆ, ಎರಡನೆಯ ಓಟದಲ್ಲಿ ಬಣ್ಣಗಳು ಒಂದರ ಮೇಲೊಂದು ಕೂರುವುದಿಲ್ಲ. ರೀಮುಗಳನ್ನು ಪ್ಲಾಸ್ಟಿಕ್ ಹೊದಿಸಿಯೇ ಇಡಬೇಕು.

ಮಷೀನಿನಿಂದ ಬಂದ ಹಸಿ ಹಾಳೆಯ ಮೇಲೆ ಹೊಳಪಿರುತ್ತದೆ. ಒಣಗಿದಾಗ ಸ್ವಲ್ಪ ಕುಂದುತ್ತದೆ. ಗ್ಲಾಸಿ ಲ್ಯಾಮಿನೇಶನ್ ಹಾಕಿದರೆ ಕೆಂಪು ಮತ್ತೆ ಗಾಢವಾಗುತ್ತದೆ. ಮ್ಯಾಟ್ ಹಾಕಿದರೆ ಕಪ್ಪು ತಿಳಿಯಾಗಿ ಇಡೀ ಚಿತ್ರದ ಮೇಲೆ ಮಂಜು ಕವಿದಂತಾಗುತ್ತದೆ. ಕೆಂಪು ಸೀರೆಯ ಮುಖಪುಟಕ್ಕೆ ಮ್ಯಾಟ್ ಆರಿಸುವವರು ಇದನ್ನು ಮೊದಲೇ ಒಪ್ಪಿಕೊಂಡಿರಬೇಕು. ಪ್ರೂಫಿನ ತುಂಡಿಗೆ ಅದೇ ಲ್ಯಾಮಿನೇಶನ್ ಹಾಕಿಸಿ ನೋಡುವುದು ಅಗ್ಗದ ಪರೀಕ್ಷೆ.

ಹೋಲಿಸುವ ಜಾಗವೂ ಮುಖ್ಯ. ಮುದ್ರಣದ ಮಾನದಂಡ ಹೇಳುವ ಬೆಳಕು 5000 ಕೆಲ್ವಿನ್‌ನದು. ಬಟ್ಟೆಯ ಬಣ್ಣ ಮತ್ತು ಇಂಕ್ ಎರಡೂ ಬೇರೆ ಬೇರೆ ರಾಸಾಯನಿಕಗಳಾದ್ದರಿಂದ ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡವು ಇನ್ನೊಂದರಲ್ಲಿ ಬೇರೆಯಾಗಿ ಕಾಣುತ್ತವೆ. ಪ್ರೆಸ್ಸಿನ ಟ್ಯೂಬ್‌ಲೈಟಿನ ಕೆಳಗೆ ಒಪ್ಪಿಗೆಯಾದ ಕೆಂಪು ಅಂಗಡಿಯ ಹಳದಿ ಬಲ್ಬಿನಲ್ಲಿ ಹೊಂದದೆ ಹೋಗುವುದು ಇದರಿಂದಲೇ. 5000 ಕೆಲ್ವಿನ್‌ನ ದೀಪ ಇಲ್ಲದಿದ್ದರೆ ಸೀರೆ, ಪ್ರೂಫ್, ಅಚ್ಚಾದ ಹಾಳೆ ಮೂರನ್ನೂ ಮಧ್ಯಾಹ್ನದ ಹೊತ್ತು ನೇರ ಬಿಸಿಲು ಬೀಳದ ಕಿಟಕಿಯ ಹತ್ತಿರ ಇಟ್ಟು ನೋಡಬೇಕು. ಸಹಿ ಹಾಕುವಾಗ ಯಾವ ಬೆಳಕಿನಲ್ಲಿ ನೋಡಿದ್ದು ಎಂದು ಪ್ರೂಫಿನ ಹಿಂದೆ ಬರೆದಿಡುವುದು ಒಳ್ಳೆಯ ರೂಢಿ.

ಕ್ಯಾಟಲಾಗಿನ ಚಿತ್ರಗಳೇ ವಾಟ್ಸ್ಯಾಪ್ ಸ್ಟೇಟಸ್ಸಿಗೂ ಆನ್‌ಲೈನ್ ಅಂಗಡಿಗೂ ಹೋಗುತ್ತವೆ. ಅದಕ್ಕೆ ಸಿಎಂವೈಕೆ ಫೈಲನ್ನು ಮತ್ತೆ ಆರ್‌ಜಿಬಿ ಮಾಡಿ ಕೊಡಬಾರದು, ಕಳೆದ ಬಣ್ಣ ಹಿಂದಿರುಗುವುದಿಲ್ಲ. ಬದಲಾಯಿಸುವ ಮೊದಲಿನ 16 ಬಿಟ್ ಮೂಲ ಫೈಲನ್ನು ಪದರಗಳ ಸಮೇತ ಇಟ್ಟುಕೊಂಡು, ಅದರಿಂದ ಒಂದು ಪ್ರತಿಯನ್ನು `sRGB IEC61966-2.1`ಗೆ ಬದಲಿಸಿ, ಪ್ರೊಫೈಲ್ ಒಳಗಿಟ್ಟು ಜೆಪಿಇಜಿ ಮಾಡಬೇಕು. ಮುದ್ರಣಕ್ಕೆಂದು ಮಾಡಿದ ಸಿಯಾನ್ ತಿದ್ದುಪಡಿ ಆ ಪ್ರತಿಗೆ ಬೇಕಾಗುವುದಿಲ್ಲ. ಗ್ರಾಹಕರ ಫೋನಿನ ವಿವಿಡ್ ಬಗೆ ಯಾರ ಕೈಯಲ್ಲೂ ಇಲ್ಲ. ಸೀರೆ ತರಿಸಿಕೊಂಡವರು ಬಣ್ಣ ಬೇರೆ ಎಂದು ಹಿಂದಿರುಗಿಸುವುದು ಕಡಿಮೆಯಾಗಬೇಕೆಂದರೆ, ಫೋನಿನಲ್ಲಿ ಇನ್ನಷ್ಟು ಮಿಂಚಲಿ ಎಂದು ಆ ಪ್ರತಿಯಲ್ಲಿ ಸ್ಯಾಚುರೇಶನ್ ಏರಿಸದೆ ಬಿಡುವುದು ಅಂಗಡಿಯವರ ಕೈಯಲ್ಲಿದೆ.